727 ಡಿಗ್ರಿಯ ಗೆರೆ: ನಿಧಾನವಾಗಿ ತಣಿದ ಉಕ್ಕಿನ ಒಳರಚನೆ

ಉಕ್ಕು ಎಂದರೆ ಸ್ವಲ್ಪ ಇಂಗಾಲ ಸೇರಿದ ಕಬ್ಬಿಣ. ಆ ಸ್ವಲ್ಪ ಎಷ್ಟು ಎನ್ನುವುದರ ಮೇಲೆ ಉಕ್ಕಿನ ಗುಣವೇ ಬದಲಾಗುತ್ತದೆ. ಸುಲಭವಾಗಿ ಬಾಗುವ ಸಾದಾ ಸರಳಿನಲ್ಲಿ ತೂಕದ ಲೆಕ್ಕದಲ್ಲಿ ಶೇ. 0.2ರ ಆಸುಪಾಸು ಇಂಗಾಲವಿದ್ದರೆ, ಯಂತ್ರಗಳ ಶಾಫ್ಟಿನಲ್ಲಿ ಶೇ. 0.4, ಕಬ್ಬಿಣವನ್ನೇ ಉಜ್ಜಿ ಸವೆಸುವ ಅರದಲ್ಲಿ ಶೇ. 1.2ರಷ್ಟು ಇರುತ್ತದೆ. ನೂರು ಗ್ರಾಂ ಉಕ್ಕಿನಲ್ಲಿ ಒಂದು ಗ್ರಾಮಿನಷ್ಟು ಹೆಚ್ಚುಕಡಿಮೆಯಾದರೆ ಮೆದುವಾಗಿದ್ದದ್ದು ಗಡುಸಾಗುತ್ತದೆ, ಬಾಗುತ್ತಿದ್ದದ್ದು ಮುರಿಯುತ್ತದೆ. ಇಂಗಾಲ ಕಬ್ಬಿಣದೊಳಗೆ ಎಲ್ಲಿ ಹೋಗಿ ಸೇರಿಕೊಂಡಿದೆ, ಯಾವ ರೂಪದಲ್ಲಿ ಕೂತಿದೆ ಎನ್ನುವುದೇ ಇದಕ್ಕೆ ಕಾರಣ. ಅದನ್ನು ಒಂದೇ ಹಾಳೆಯಲ್ಲಿ ತೋರಿಸುವ ಚಿತ್ರವೇ ಕಬ್ಬಿಣ–ಇಂಗಾಲದ ಪ್ರಾವಸ್ಥಾ ನಕ್ಷೆ. ಇಂಜಿನಿಯರಿಂಗ್ ತರಗತಿಗಳಲ್ಲಿ ಫೇಸ್ ಡಯಾಗ್ರಾಂ ಎಂದೇ ಹೆಸರು.

ನಕ್ಷೆಯ ಅಡ್ಡಗೆರೆಯಲ್ಲಿ ಇಂಗಾಲದ ಶೇಕಡಾ ಪ್ರಮಾಣ, ಲಂಬಗೆರೆಯಲ್ಲಿ ಉಷ್ಣತೆ. ಅದರ ಮೇಲೆ ಎಲ್ಲಿ ಬೆರಳಿಟ್ಟರೂ ಒಂದು ಪ್ರಶ್ನೆಗೆ ಉತ್ತರ ಸಿಗುತ್ತದೆ: ಇಷ್ಟು ಇಂಗಾಲವಿರುವ ಲೋಹವನ್ನು ಇಷ್ಟು ಡಿಗ್ರಿಯಲ್ಲಿ ಬೇಕಾದಷ್ಟು ಹೊತ್ತು ಇಟ್ಟರೆ ಅದರೊಳಗೆ ಯಾವ ಯಾವ ಪ್ರಾವಸ್ಥೆಗಳು ಉಳಿಯುತ್ತವೆ? 'ಬೇಕಾದಷ್ಟು ಹೊತ್ತು' ಎಂಬ ಷರತ್ತನ್ನು ಮರೆಯುವಂತಿಲ್ಲ. ಕೆಂಪಗೆ ಕಾದ ಉಕ್ಕನ್ನು ನೀರಿಗೆ ಅದ್ದಿದಾಗ ಏನಾಗುತ್ತದೆಂದು ಈ ನಕ್ಷೆ ಹೇಳುವುದಿಲ್ಲ. ಕುಲುಮೆಯನ್ನು ಆರಿಸಿ, ಉಕ್ಕನ್ನು ಅದರೊಳಗೇ ಬಿಟ್ಟು, ಗಂಟೆಗಟ್ಟಲೆ ತಣಿಯಲು ಬಿಟ್ಟಾಗ ಆಗುವುದನ್ನು ಮಾತ್ರ ಹೇಳುತ್ತದೆ.

ನಕ್ಷೆಯ ಮೂಲ ಇರುವುದು ಶುದ್ಧ ಕಬ್ಬಿಣದ ಒಂದು ವಿಚಿತ್ರ ಸ್ವಭಾವದಲ್ಲಿ. ಕೋಣೆಯ ಉಷ್ಣತೆಯಲ್ಲಿ ಅದರ ಪರಮಾಣುಗಳು ಘನಾಕೃತಿಯ ಎಂಟು ಮೂಲೆಗಳಲ್ಲಿ ಒಂದೊಂದು, ನಟ್ಟನಡುವೆ ಇನ್ನೊಂದು ಎಂಬಂತೆ ಜೋಡಿಸಿಕೊಂಡಿರುತ್ತವೆ. ಈ ರೂಪಕ್ಕೆ ಫೆರೈಟ್ ಎಂದು ಹೆಸರು. 912 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಲೋಹ ಇನ್ನೂ ಗಟ್ಟಿಯಾಗಿಯೇ ಇದ್ದು ಪರಮಾಣುಗಳ ಜೋಡಣೆ ಮಾತ್ರ ಬದಲಾಗುತ್ತದೆ: ನಡುವಿನ ಪರಮಾಣು ಇಲ್ಲವಾಗಿ, ಘನದ ಆರು ಮುಖಗಳ ಮಧ್ಯದಲ್ಲಿ ಒಂದೊಂದು ಬರುತ್ತದೆ. ಇದು ಆಸ್ಟೆನೈಟ್. 1394 ಡಿಗ್ರಿ ದಾಟಿದರೆ ಮತ್ತೆ ಹಳೆಯ ಜೋಡಣೆಗೇ ಮರಳಿ, 1538ರಲ್ಲಿ ಕರಗಿ ನೀರಾಗುತ್ತದೆ. ಮೇಲಿನ ಆ ಚಿಕ್ಕ ಭಾಗವನ್ನು ಇಲ್ಲಿ ಬಿಡಬಹುದು. ಉಕ್ಕಿನ ಒಳರಚನೆ ತೀರ್ಮಾನವಾಗುವುದು ಬಹುಪಾಲು 912ರ ಕೆಳಗೆ.

ಎರಡು ಜೋಡಣೆಗಳಲ್ಲಿ ಹೆಚ್ಚು ಒತ್ತೊತ್ತಾಗಿರುವುದು ಆಸ್ಟೆನೈಟ್. ಅದರ ಒಟ್ಟು ಜಾಗದಲ್ಲಿ ಶೇ. 74 ಪರಮಾಣುಗಳೇ ತುಂಬಿದ್ದರೆ, ಫೆರೈಟ್‌ನಲ್ಲಿ ತುಂಬಿರುವುದು ಶೇ. 68. ಹಾಗಾದರೆ ಇಂಗಾಲಕ್ಕೆ ಹೆಚ್ಚು ಜಾಗ ಸಿಗಬೇಕಾದದ್ದು ಫೆರೈಟ್‌ನಲ್ಲಿ ಎಂದು ಯಾರಿಗಾದರೂ ಅನಿಸಬಹುದು. ಆಗುವುದು ಇದರ ತಿರುವುಮುರುವು. ಫೆರೈಟ್‌ನ ಖಾಲಿ ಜಾಗ ಪುಟ್ಟ ಪುಟ್ಟ ಸಂದುಗಳಾಗಿ ಹರಿದು ಹಂಚಿಹೋಗಿದೆ. ಆಸ್ಟೆನೈಟ್‌ನಲ್ಲಿ ಸಂದುಗಳು ಕಡಿಮೆ, ಆದರೆ ಒಂದೊಂದೂ ದೊಡ್ಡದು. ಇಂಗಾಲದ ಪರಮಾಣು ಕಬ್ಬಿಣದ ಪರಮಾಣುಗಳ ನಡುವಿನ ಸಂದಿನಲ್ಲಿ ತೂರಿ ಕೂರಬೇಕಾದ್ದರಿಂದ ಸಂದಿನ ಗಾತ್ರವೇ ಮುಖ್ಯ. ಆಸ್ಟೆನೈಟ್‌ನ ದೊಡ್ಡ ಸಂದು ಕೂಡ ಅದಕ್ಕೆ ಬಿಗಿಯೇ, ಆದರೂ ಹೇಗೋ ಹೊಂದಿಕೊಳ್ಳುತ್ತದೆ. ಹೀಗಾಗಿ ಆಸ್ಟೆನೈಟ್ ಗರಿಷ್ಠ ಶೇ. 2.14ರಷ್ಟು ಇಂಗಾಲವನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲದು. ಫೆರೈಟ್ ಎಷ್ಟೇ ಪ್ರಯತ್ನಪಟ್ಟರೂ ಶೇ. 0.022 ದಾಟುವುದಿಲ್ಲ, ತಣ್ಣಗಾದ ಮೇಲೆ ಅಷ್ಟನ್ನೂ ಇಟ್ಟುಕೊಳ್ಳಲಾರದು.

ಮುಂದಿನದೆಲ್ಲ ನಡೆಯುವುದು ಈ ಅಂತರದಿಂದ. ಬಿಸಿಯಾಗಿದ್ದಾಗ ಆಸ್ಟೆನೈಟ್‌ನಲ್ಲಿ ಆರಾಮವಾಗಿ ಕರಗಿದ್ದ ಇಂಗಾಲಕ್ಕೆ, ಕಬ್ಬಿಣ ತಣಿದು ಫೆರೈಟ್ ಆಗಹೊರಟಾಗ ಜಾಗವಿರುವುದಿಲ್ಲ. ಅದು ಹೊರಬಂದು ಇನ್ನೊಂದು ರೂಪದಲ್ಲಿ ನೆಲೆಗೊಳ್ಳಬೇಕು. ಉಕ್ಕಿನಲ್ಲಿ ಆ ರೂಪ ಸಿಮೆಂಟೈಟ್, ಅಂದರೆ ಮೂರು ಕಬ್ಬಿಣದ ಪರಮಾಣುಗಳಿಗೆ ಒಂದು ಇಂಗಾಲದ ಪರಮಾಣು ಸೇರಿದ Fe₃C ಎಂಬ ಸಂಯುಕ್ತ. ಅದರ ತೂಕದಲ್ಲಿ ಶೇ. 6.7 ಇಂಗಾಲ. ಫೆರೈಟ್ ಮೆದು, ಎಳೆದರೆ ಹಿಗ್ಗುತ್ತದೆ. ಸಿಮೆಂಟೈಟ್ ಗಾಜನ್ನೂ ಗೀರುವಷ್ಟು ಗಡುಸು, ಹಾಗೆಯೇ ಪೆಡಸು. ನಿಧಾನವಾಗಿ ತಣಿದ ಯಾವ ಸಾದಾ ಉಕ್ಕನ್ನು ನೋಡಿದರೂ ಅದರಲ್ಲಿ ಇರುವುದು ಇವೆರಡೇ. ಸರಳಿಗೂ ಅರಕ್ಕೂ ವ್ಯತ್ಯಾಸವಿರುವುದು ಇವು ಎಷ್ಟೆಷ್ಟಿವೆ, ಹೇಗೆ ಹರಡಿಕೊಂಡಿವೆ ಎನ್ನುವುದರಲ್ಲಿ.

ನಕ್ಷೆಯಲ್ಲಿ ಆಸ್ಟೆನೈಟ್‌ನ ಸೀಮೆ ಕೆಳಗಡೆ ಚೂಪಾದ ತುದಿಯಲ್ಲಿ ಕೊನೆಗೊಳ್ಳುತ್ತದೆ. ಎಡಗಡೆಯ ಗೆರೆ ಶುದ್ಧ ಕಬ್ಬಿಣದ 912 ಡಿಗ್ರಿಯಿಂದ ಶುರುವಾಗಿ, ಇಂಗಾಲ ಹೆಚ್ಚಿದಂತೆಲ್ಲ ಇಳಿಯುತ್ತ ಬರುತ್ತದೆ. ಬಲಗಡೆಯ ಗೆರೆ ಶೇ. 2.14 ಇಂಗಾಲ, 1147 ಡಿಗ್ರಿ ಇರುವ ಬಿಂದುವಿನಿಂದ ಎಡಕ್ಕೆ ಇಳಿಯುತ್ತದೆ. ಎರಡೂ ಸೇರುವ ಬಿಂದು ಶೇ. 0.76 ಇಂಗಾಲ, 727 ಡಿಗ್ರಿ. ಅದರ ಮೂಲಕ ಒಂದು ಅಡ್ಡಗೆರೆ ಹಾಯುತ್ತದೆ. ಅದರ ಕೆಳಗೆ ಆಸ್ಟೆನೈಟ್‌ಗೆ ನೆಲೆಯಿಲ್ಲ. ಎಡಗಡೆಯ ಇಳಿಜಾರು ಗೆರೆಯನ್ನು ಎ3, ಬಲಗಡೆಯದನ್ನು ಎಸಿಎಂ, ಅಡ್ಡಗೆರೆಯನ್ನು ಎ1 ಎನ್ನುತ್ತಾರೆ. ಹಳೆಯ ಪಠ್ಯಪುಸ್ತಕಗಳಲ್ಲಿ ಇದೇ ಬಿಂದು 723 ಡಿಗ್ರಿ, ಶೇ. 0.8 ಎಂದು ಇರುತ್ತದೆ. ಅಳತೆಗಳು ಸುಧಾರಿಸಿದಂತೆ ಅಂಕಿಗಳು ಸ್ವಲ್ಪ ಸರಿದಿವೆಯೇ ಹೊರತು ಚಿತ್ರ ಅದೇ. ಶೇ. 2.14ರಿಂದ ಬಲಕ್ಕಿರುವುದು ಎರಕದ ಕಬ್ಬಿಣದ ಸೀಮೆ, ಅದರ ಕತೆ ಬೇರೆ.

ಎ1, ಎ3 ಎಂಬ ಹೆಸರುಗಳಲ್ಲಿರುವ 'ಎ' ಫ್ರಾನ್ಸಿನ ಫ್ಲೋರಿಸ್ ಓಸ್ಮಾನ್ ಅವರಿಂದ ಬಂದದ್ದು. ತಣಿಯುವಿಕೆ ತಡೆದು ನಿಲ್ಲುವುದನ್ನು ಹೇಳುವ ಫ್ರೆಂಚ್ ಪದದ ಮೊದಲ ಅಕ್ಷರ ಅದು. 1880ರ ದಶಕದಲ್ಲಿ ಅವರು ತಣಿಯುತ್ತಿರುವ ಉಕ್ಕಿನ ಉಷ್ಣತೆಯನ್ನು ಹೊತ್ತುಹೊತ್ತಿಗೆ ಅಳೆದು, ಅದು ಒಂದೇ ಸಮನೆ ಇಳಿಯದೆ ಕೆಲವೆಡೆ ತಡೆಯುವುದನ್ನು ಗುರುತಿಸಿದರು. ಅದಕ್ಕೂ ಮೊದಲೇ ಈ ವಿದ್ಯಮಾನ ಬರಿಗಣ್ಣಿಗೆ ಬಿದ್ದಿತ್ತು. ಕೆಂಪಗೆ ಕಾಯಿಸಿದ ಉಕ್ಕಿನ ತಂತಿಯನ್ನು ಕತ್ತಲ ಕೋಣೆಯಲ್ಲಿ ತಣಿಯಲು ಬಿಟ್ಟರೆ ಅದರ ಹೊಳಪು ಮೆಲ್ಲಗೆ ಮಂಕಾಗುತ್ತ ಹೋಗಿ, ಒಂದು ಹಂತದಲ್ಲಿ ಇದ್ದಕ್ಕಿದ್ದಂತೆ ಮತ್ತೆ ಕೆಂಪೇರಿ, ಆಮೇಲೆ ಆರುತ್ತದೆ. ಜಾರ್ಜ್ ಗೋರ್ 1869ರಲ್ಲಿ ತಣಿಯುವ ತಂತಿ ಕುಗ್ಗುವುದರ ನಡುವೆ ಒಂದು ಕ್ಷಣ ಉದ್ದವಾಗುವುದನ್ನು ಕಂಡಿದ್ದರು. ಆ ಮರುಹೊಳಪನ್ನು ವಿಲಿಯಂ ಬ್ಯಾರೆಟ್ 1873ರಲ್ಲಿ ವರದಿ ಮಾಡಿದರು. ಬೆಂಕಿಯಿಂದ ಹೊರಗಿರುವ ತಂತಿಗೆ ಶಾಖ ಸಿಕ್ಕಿದ್ದು ಅದರ ಒಳಗಿನಿಂದಲೇ: ಆಸ್ಟೆನೈಟ್ ಒಡೆದು ಬೇರೆ ರೂಪ ತಾಳುವಾಗ ಬಿಡುಗಡೆಯಾದ ಶಾಖ ಅದು. ತಂತಿ ಉದ್ದವಾದದ್ದು ಒತ್ತೊತ್ತಾಗಿದ್ದ ಜೋಡಣೆ ಸಡಿಲವಾದ್ದರಿಂದ. ಇಂಥ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ ಇಂಗ್ಲೆಂಡಿನ ವಿಲಿಯಂ ರಾಬರ್ಟ್ಸ್-ಆಸ್ಟೆನ್ 1890ರ ದಶಕದ ಕೊನೆಯಲ್ಲಿ ಮೊದಲ ನಕ್ಷೆ ಪ್ರಕಟಿಸಿದರು. 1900ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ರೋಜೆಬೂಮ್ ಉಷ್ಣಬಲವಿಜ್ಞಾನದ ನಿಯಮಗಳಿಗೆ ಹೊಂದುವಂತೆ ಅದನ್ನು ತಿದ್ದಿದರು. ಆಸ್ಟೆನೈಟ್ ಎಂಬ ಹೆಸರು ರಾಬರ್ಟ್ಸ್-ಆಸ್ಟೆನ್ ಅವರ ಗೌರವಾರ್ಥ ಬಂದದ್ದು.

ತಂತಿ ಮತ್ತೆ ಕೆಂಪೇರಿದ ಆ ಕ್ಷಣದಲ್ಲಿ ನಡೆಯುವುದೇ ಯೂಟೆಕ್ಟಾಯ್ಡ್ ಕ್ರಿಯೆ. ಸರಿಯಾಗಿ ಶೇ. 0.76 ಇಂಗಾಲವಿರುವ ಉಕ್ಕನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗಿ ಕಾಣುತ್ತದೆ. 800 ಡಿಗ್ರಿಯಲ್ಲಿ ಅದು ಪೂರ್ತಿ ಆಸ್ಟೆನೈಟ್. 727ಕ್ಕೆ ಇಳಿದಾಗ ಒಂದು ಘನ ಪದಾರ್ಥ ಎರಡು ಘನ ಪದಾರ್ಥಗಳಾಗಿ ಒಡೆಯುತ್ತದೆ: ಶೇ. 0.022 ಇಂಗಾಲದ ಫೆರೈಟ್ ಒಂದು, ಶೇ. 6.7 ಇಂಗಾಲದ ಸಿಮೆಂಟೈಟ್ ಇನ್ನೊಂದು. ನಡುವೆ ದ್ರವ ಎಂಬುದೇ ಇಲ್ಲ. ಎಲ್ಲೆಡೆ ಸಮನಾಗಿ ಹರಡಿದ್ದ ಇಂಗಾಲ, ಗಟ್ಟಿ ಲೋಹದೊಳಗೇ ಪರಮಾಣು ಪರಮಾಣುವಾಗಿ ನಡೆದು ಒಂದು ಕಡೆ ಖಾಲಿ ಮಾಡಿ ಇನ್ನೊಂದು ಕಡೆ ಗುಂಪುಗೂಡಬೇಕು.

ಗಟ್ಟಿ ಲೋಹದಲ್ಲಿ ಈ ನಡಿಗೆ ನಿಧಾನ. ಆದ್ದರಿಂದ ಇಂಗಾಲ ಅತಿ ಕಡಿಮೆ ದೂರ ನಡೆಯಬೇಕಾಗುವ ವ್ಯವಸ್ಥೆಯೇ ಗೆಲ್ಲುತ್ತದೆ. ಆಸ್ಟೆನೈಟ್‌ನ ಹರಳುಗಳು ಒಂದಕ್ಕೊಂದು ತಾಗುವ ಗಡಿಯಲ್ಲಿ ಸಿಮೆಂಟೈಟ್‌ನ ಒಂದು ತೆಳು ಹಾಳೆ ಹುಟ್ಟಿತೆಂದುಕೊಳ್ಳಬಹುದು. ಅದು ಸುತ್ತಲಿನ ಇಂಗಾಲವನ್ನು ಎಳೆದುಕೊಂಡ ಕೂಡಲೇ ಪಕ್ಕದ ಜಾಗದಲ್ಲಿ ಇಂಗಾಲ ಬಡವಾಗಿ ಅಲ್ಲಿ ಫೆರೈಟ್ ಏಳುತ್ತದೆ. ಫೆರೈಟ್ ತನಗೆ ಬೇಡದ ಇಂಗಾಲವನ್ನು ಆಚೆ ಪಕ್ಕಕ್ಕೆ ತಳ್ಳಿದಾಗ ಅಲ್ಲಿ ಮತ್ತೊಂದು ಸಿಮೆಂಟೈಟ್ ಹಾಳೆಗೆ ಅನುಕೂಲವಾಗುತ್ತದೆ. ಹೀಗೆ ಎರಡೂ ಪಕ್ಕಪಕ್ಕದಲ್ಲಿ, ಒಂದರ ಅಂಚಿನ ಜೊತೆ ಇನ್ನೊಂದರ ಅಂಚು, ಹರಳಿನ ಒಳಕ್ಕೆ ಒಟ್ಟಿಗೆ ಬೆಳೆಯುತ್ತವೆ. ಇಂಗಾಲ ದಾಟಬೇಕಾದ ದೂರ ಒಂದು ಪದರದ ಮುಂಚೂಣಿಯಿಂದ ಪಕ್ಕದ ಪದರದ ಮುಂಚೂಣಿಗೆ ಮಾತ್ರ. ಕೊನೆಗೆ ಸಿಗುವುದು ಫೆರೈಟ್, ಸಿಮೆಂಟೈಟ್, ಫೆರೈಟ್, ಸಿಮೆಂಟೈಟ್ ಎಂದು ಸರದಿಯಾಗಿ ಸಾಗುವ ಪದರಗಳ ರಚನೆ. ಅದಕ್ಕೆ ಪರ್ಲೈಟ್ ಎಂದು ಹೆಸರು. ಪರ್ಲೈಟ್ ಮೂರನೆಯ ಪ್ರಾವಸ್ಥೆ ಎಂದು ವಿದ್ಯಾರ್ಥಿಗಳು ಬರೆಯುವುದುಂಟು. ಅದು ತಪ್ಪು, ಪ್ರಾವಸ್ಥೆಗಳು ಎರಡೇ, ಪರ್ಲೈಟ್ ಅವುಗಳ ಹೆಣಿಗೆ.

ಪದರಗಳ ನಡುವಿನ ಅಂತರ ತಣಿಯುವ ವೇಗವನ್ನು ಅವಲಂಬಿಸುತ್ತದೆ. ಕುಲುಮೆಯಲ್ಲೇ ತಣಿದಾಗ ಕ್ರಿಯೆ 727ಕ್ಕೆ ಹತ್ತಿರದಲ್ಲೇ ನಡೆಯುತ್ತದೆ; ಆ ಉಷ್ಣತೆಯಲ್ಲಿ ಇಂಗಾಲಕ್ಕೆ ಚುರುಕೂ ಇರುತ್ತದೆ, ಸಮಯವೂ ಇರುತ್ತದೆ, ಪದರಗಳು ದಪ್ಪವಾಗುತ್ತವೆ. ಗಾಳಿಯಲ್ಲಿ ತಣಿದರೆ ಕ್ರಿಯೆ ಕೆಳಗಿನ ಉಷ್ಣತೆಗೆ ಜಾರಿ ಪದರಗಳು ತೆಳ್ಳಗಾಗುತ್ತವೆ, ಉಕ್ಕು ಗಡುಸಾಗುತ್ತದೆ. ದಪ್ಪ ಪರ್ಲೈಟ್‌ನಲ್ಲಿ ಕೂಡ ಈ ಅಂತರ ಮಿಲಿಮೀಟರಿನ ಸಾವಿರದ ಒಂದು ಭಾಗದ ಸುತ್ತಮುತ್ತ, ಅಂದರೆ ಹೆಚ್ಚುಕಡಿಮೆ ಬೆಳಕಿನ ಅಲೆಯುದ್ದದಷ್ಟು. ನಯಗೊಳಿಸಿ ಆಮ್ಲ ತಾಗಿಸಿದ ಪರ್ಲೈಟ್ ಮುತ್ತಿನ ಚಿಪ್ಪಿನ ಹಾಗೆ ಬಣ್ಣಬಣ್ಣವಾಗಿ ಹೊಳೆಯುವುದು ಇದರಿಂದಲೇ. ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ 1860ರ ದಶಕದಲ್ಲಿ ಉಕ್ಕನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಮೊದಲು ಕಂಡದ್ದು ಈ ಹೊಳಪನ್ನು, ಪದರಗಳನ್ನಲ್ಲ. ಇನ್ನೂ ಶಕ್ತಿಯುತ ಮಸೂರಗಳನ್ನು ಬಳಸಿ 1880ರ ದಶಕದಲ್ಲಿ ಅವರು ಪದರಗಳನ್ನೇ ಬಿಡಿಸಿ ನೋಡಿದರು.

ಪರ್ಲೈಟ್‌ನಲ್ಲಿ ಯಾವುದು ಎಷ್ಟಿದೆ ಎಂದು ಕಂಡುಹಿಡಿಯಲು ಸನ್ನೆ ನಿಯಮವಿದೆ. ತಕ್ಕಡಿಯ ದಂಡದಲ್ಲಿ ಆಧಾರಬಿಂದುವಿಗೆ ಹತ್ತಿರದ ಕಡೆ ಹೆಚ್ಚು ತೂಕ, ದೂರದ ಕಡೆ ಕಡಿಮೆ ತೂಕ ಇಟ್ಟರೆ ಅದು ಸಮವಾಗಿ ನಿಲ್ಲುತ್ತದಲ್ಲ, ಲೆಕ್ಕ ಅದೇ. ದಂಡದ ಒಂದು ತುದಿಯಲ್ಲಿ 0.022 (ಫೆರೈಟ್), ಇನ್ನೊಂದು ತುದಿಯಲ್ಲಿ 6.7 (ಸಿಮೆಂಟೈಟ್), ಆಧಾರಬಿಂದು 0.76ರಲ್ಲಿ. ಆಧಾರದಿಂದ ಸಿಮೆಂಟೈಟ್ ತುದಿಗಿರುವ ದೂರ 5.94, ದಂಡದ ಪೂರ್ತಿ ಉದ್ದ 6.678. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.889. ಅಂದರೆ ಪರ್ಲೈಟ್‌ನಲ್ಲಿ ಶೇ. 89 ಫೆರೈಟ್, ಶೇ. 11 ಸಿಮೆಂಟೈಟ್. ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಫೆರೈಟ್ ಪದರ ಸಿಮೆಂಟೈಟ್ ಪದರದ ಸುಮಾರು ಎಂಟು ಪಾಲು ದಪ್ಪ.

ಪೇಟೆಯಲ್ಲಿ ಸಿಗುವ ಬಹುತೇಕ ಉಕ್ಕಿನಲ್ಲಿ ಇಂಗಾಲ 0.76ಕ್ಕಿಂತ ಕಡಿಮೆ. ಲೇತ್ ಶಾಪುಗಳಲ್ಲಿ ಇಎನ್8 ಎಂದು ಕರೆಯುವ ಸರಳನ್ನೇ ನೋಡಬಹುದು. ಶಾಫ್ಟು, ಪಿನ್ನು, ಬೋಲ್ಟುಗಳಿಗೆ ಬಳಸುವ ಅದರಲ್ಲಿ ಇಂಗಾಲ ಸುಮಾರು ಶೇ. 0.40. ಅದನ್ನು 850 ಡಿಗ್ರಿಗೆ ಕಾಯಿಸಿ, ದಪ್ಪಕ್ಕೆ ತಕ್ಕಷ್ಟು ಹೊತ್ತು ಅಲ್ಲೇ ಇಟ್ಟರೆ ಇಡೀ ಸರಳು ಆಸ್ಟೆನೈಟ್ ಆಗುತ್ತದೆ. ಆಮೇಲೆ ಕುಲುಮೆ ಆರಿಸಿ ಬಿಡಬೇಕು. ಉಷ್ಣತೆ ಸುಮಾರು 790ಕ್ಕೆ ಇಳಿದಾಗ ಸರಳು ಎ3 ಗೆರೆಯನ್ನು ಮುಟ್ಟುತ್ತದೆ, ಆಸ್ಟೆನೈಟ್ ಹರಳುಗಳ ಗಡಿಯಲ್ಲಿ ಫೆರೈಟ್‌ನ ಮೊದಲ ಕಣಗಳು ಕಾಣಿಸಿಕೊಳ್ಳುತ್ತವೆ. ಈ ಫೆರೈಟ್‌ಗೆ ಇಂಗಾಲ ಬೇಡ. ಅದು ಹೊರಹಾಕಿದ ಇಂಗಾಲ ಉಳಿದ ಆಸ್ಟೆನೈಟ್‌ಗೆ ಸೇರುತ್ತದೆ. ಉಷ್ಣತೆ ಇಳಿದಷ್ಟೂ ಫೆರೈಟ್ ಹೆಚ್ಚುತ್ತದೆ, ಆಸ್ಟೆನೈಟ್ ಕಡಿಮೆಯಾಗುತ್ತದೆ, ಆದರೆ ಉಳಿದ ಆಸ್ಟೆನೈಟ್‌ನ ಇಂಗಾಲ 0.40ರಿಂದ ಮೇಲಕ್ಕೆ, ಎ3 ಗೆರೆಯನ್ನೇ ಅನುಸರಿಸಿ ಏರುತ್ತ ಹೋಗುತ್ತದೆ.

727ರ ಹೊಸ್ತಿಲಲ್ಲಿ ನಿಂತು ಲೆಕ್ಕ ಹಾಕಿದರೆ ಉಳಿದ ಆಸ್ಟೆನೈಟ್‌ನಲ್ಲಿರುವ ಇಂಗಾಲ ಸರಿಯಾಗಿ ಶೇ. 0.76. ಈ ಸಲ ಸನ್ನೆಯ ತುದಿಗಳು 0.022 ಮತ್ತು 0.76, ಆಧಾರಬಿಂದು 0.40. ಫೆರೈಟ್ ತುದಿಯಿಂದ ಆಧಾರಕ್ಕೆ 0.378, ಪೂರ್ತಿ ಉದ್ದ 0.738. ಭಾಗಿಸಿದರೆ 0.512. ನೂರು ಗ್ರಾಂ ಉಕ್ಕಿನಲ್ಲಿ 51.2 ಗ್ರಾಂ ಆಸ್ಟೆನೈಟ್ ಉಳಿದಿದೆ, 48.8 ಗ್ರಾಂ ಆಗಲೇ ಫೆರೈಟ್ ಆಗಿದೆ. ಇಂಗಾಲದ ಲೆಕ್ಕ ತಾಳೆ ನೋಡಬೇಕೆಂದರೆ, ಆಸ್ಟೆನೈಟ್‌ನಲ್ಲಿ 0.389 ಗ್ರಾಂ, ಫೆರೈಟ್‌ನಲ್ಲಿ 0.011 ಗ್ರಾಂ, ಒಟ್ಟು 0.400. ಗೆರೆ ದಾಟಿದ ಮೇಲೆ ಆ 51.2 ಗ್ರಾಂ ಆಸ್ಟೆನೈಟ್‌ಗೆ ಬೇರೆ ದಾರಿಯಿಲ್ಲ, ಅಷ್ಟೂ ಪರ್ಲೈಟ್ ಆಗುತ್ತದೆ. ಮೊದಲೇ ಹುಟ್ಟಿದ ಫೆರೈಟ್ ಇದ್ದ ಹಾಗೇ ಉಳಿಯುತ್ತದೆ. ಇಡೀ ತುಂಡಿನಲ್ಲಿ ಸಿಮೆಂಟೈಟ್ ಇರುವುದು ಆರು ಗ್ರಾಮಿಗೂ ಕಡಿಮೆ; ಆದರೂ ಅದು ಪರ್ಲೈಟ್‌ನ ಪದರಗಳಾಗಿ ತುಂಡಿನ ಅರ್ಧಭಾಗದಲ್ಲಿ ಹೆಣೆದುಕೊಂಡಿರುವುದರಿಂದ ಇಡೀ ಸರಳಿಗೆ ಬಲ ಬರುತ್ತದೆ. ಬ್ರಿನೆಲ್ ಮಾಪನದಲ್ಲಿ ಬರಿಯ ಫೆರೈಟ್‌ನ ಗಡಸುತನ ಸುಮಾರು 80, ದಪ್ಪ ಪದರದ ಪರ್ಲೈಟ್‌ನದು 200ರ ಹತ್ತಿರ. ಹೀಗೆ ತಣಿಸಿದ ಈ ಉಕ್ಕಿನದು 150ರ ಆಸುಪಾಸು ಬರುತ್ತದೆ.

ಇದನ್ನು ಕಣ್ಣಾರೆ ನೋಡುವ ವಿಧಾನ ನೂರು ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ಸರಳಿನಿಂದ ಒಂದು ಚಿಕ್ಕ ಬಿಲ್ಲೆ ಕತ್ತರಿಸಿ, ಒರಟಿನಿಂದ ನಯದವರೆಗೆ ಒಂದಾದ ಮೇಲೊಂದು ಎಮರಿ ಕಾಗದದಲ್ಲಿ ಉಜ್ಜಿ, ಕೊನೆಗೆ ಬಟ್ಟೆ ಹೊದಿಸಿದ ತಿರುಗುವ ತಟ್ಟೆಯ ಮೇಲೆ ಅಲ್ಯೂಮಿನಾ ಪುಡಿ ಅಥವಾ ವಜ್ರದ ಪೇಸ್ಟಿನಿಂದ ಕನ್ನಡಿಯಂತೆ ನಯಗೊಳಿಸುತ್ತಾರೆ. ಆಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬರೀ ಬಿಳುಪು. ಆಲ್ಕೋಹಾಲಿನಲ್ಲಿ ಶೇ. 2ರಷ್ಟು ನೈಟ್ರಿಕ್ ಆಮ್ಲ ಬೆರೆಸಿದ ನೈಟಾಲ್ ಎಂಬ ದ್ರಾವಣವನ್ನು ಕೆಲವು ಸೆಕೆಂಡು ತಾಗಿಸಿ, ಕನ್ನಡಿ ಮಸುಕಾದ ಕೂಡಲೇ ತೊಳೆದು ಒಣಗಿಸಬೇಕು. ಈಗ ನೂರು ಪಟ್ಟು ಹಿಗ್ಗಿಸಿ ನೋಡಿದರೆ ಬಿಳಿಯ ಫೆರೈಟ್ ಹರಳುಗಳು, ಅವುಗಳ ನಡುವೆ ಕಪ್ಪು ತೇಪೆಗಳು. ಆ ತೇಪೆಗಳೇ ಪರ್ಲೈಟ್. ಅದರಲ್ಲಿ ಕಪ್ಪು ವಸ್ತು ಯಾವುದೂ ಇಲ್ಲ. ಆಮ್ಲ ಪದರಗಳ ಅಂಚನ್ನು ಕೊರೆದಿರುವುದರಿಂದ ಬೆಳಕು ಚದುರಿ ಕಪ್ಪಾಗಿ ಕಾಣುತ್ತದೆ, ಅಷ್ಟೇ. ಐನೂರು, ಸಾವಿರ ಪಟ್ಟಿಗೆ ಹೋದರೆ ಕಪ್ಪು ತೇಪೆ ಬಿಚ್ಚಿಕೊಂಡು, ಬೆರಳಚ್ಚಿನ ಗೀರುಗಳಂತಹ ಸಾಲುಗಳು ಕಾಣಿಸುತ್ತವೆ.

ಈ ಚಿತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿ ಇಂಗಾಲ ಎಷ್ಟೆಂದು ಅಂದಾಜಿಸಬಹುದು: ಕಪ್ಪು ಭಾಗ ಅರ್ಧದಷ್ಟಿದ್ದರೆ 0.76ರ ಅರ್ಧ, ಹತ್ತಿರಹತ್ತಿರ 0.38. ಪ್ರಯೋಗಾಲಯಗಳಲ್ಲಿ ಇದು ಬಳಕೆಯಲ್ಲಿರುವ ಉಪಾಯ, ಎಡವುವುದೂ ಇಲ್ಲೇ. ಅದೇ ಇಎನ್8 ಸರಳನ್ನು ಕುಲುಮೆಯಿಂದ ಹೊರತೆಗೆದು ಗಾಳಿಯಲ್ಲಿ ತಣಿಸಿದ್ದರೆ ಫೆರೈಟ್ ಪೂರ್ತಿ ಬೆಳೆಯುವಷ್ಟು ಸಮಯ ಸಿಕ್ಕಿರುವುದಿಲ್ಲ. ಇಂಗಾಲ 0.76 ಮುಟ್ಟುವ ಮೊದಲೇ ಆಸ್ಟೆನೈಟ್ ಪರ್ಲೈಟ್ ಆಗಿಬಿಡುತ್ತದೆ; ಕಪ್ಪು ಭಾಗ ಲೆಕ್ಕಕ್ಕಿಂತ ಹೆಚ್ಚು, ಅದರೊಳಗಿನ ಸಿಮೆಂಟೈಟ್ ಲೆಕ್ಕಕ್ಕಿಂತ ಕಡಿಮೆ. ಇದನ್ನು ಕುಲುಮೆಯಲ್ಲಿ ತಣಿದ ಉಕ್ಕು ಎಂದುಕೊಂಡು ಅಳೆದವರಿಗೆ ಇಂಗಾಲ 0.5 ಎಂದು ತೋರಬಹುದು. ಪದರಗಳು ನೂರಾರು ಪಟ್ಟಿನಲ್ಲೂ ಬಿಡಿಬಿಡಿಯಾಗಿ ಕಾಣದಷ್ಟು ತೆಳ್ಳಗಿದ್ದರೆ, ಹರಳುಗಳು ಚಿಕ್ಕದಾಗಿದ್ದರೆ ಅನುಮಾನಪಡಬೇಕು. ಇನ್ನೊಂದು ತೊಡಕು ಮ್ಯಾಂಗನೀಸಿನದು. ಇಎನ್8ನಲ್ಲಿ ಅದು ಶೇ. 0.6ರಿಂದ 1ರಷ್ಟಿದ್ದು, ಯೂಟೆಕ್ಟಾಯ್ಡ್ ಬಿಂದುವನ್ನೇ ಸ್ವಲ್ಪ ಎಡಕ್ಕೂ ಕೆಳಕ್ಕೂ ಸರಿಸುತ್ತದೆ. ಹೀಗಾಗಿ ಎಷ್ಟೇ ನಿಧಾನವಾಗಿ ತಣಿಸಿದರೂ ಪರ್ಲೈಟ್ 51ಕ್ಕಿಂತ ತುಸು ಹೆಚ್ಚೇ ಸಿಗುತ್ತದೆ. ಬಿಲ್ಲೆಯ ಅಂಚಿನಲ್ಲಿ ಮಾತ್ರ ಬಿಳಿ ಪಟ್ಟಿ ಕಂಡರೆ ಕಾರಣ ಬೇರೆ: ಕುಲುಮೆಯ ಗಾಳಿ ಮೇಲ್ಮೈಯ ಇಂಗಾಲವನ್ನು ಸುಟ್ಟಿದೆ ಎಂದರ್ಥ. ಅಂಥ ಶಾಫ್ಟಿನ ಹೊರಮೈ ಒಳಗಿನಷ್ಟು ಗಟ್ಟಿಯಿರುವುದಿಲ್ಲ, ಆದ್ದರಿಂದ ಕಾಯಿಸಿದ ಮೇಲೆ ಆ ಪದರವನ್ನು ಲೇತಿನಲ್ಲಿ ತೆಗೆದುಬಿಡುತ್ತಾರೆ.

ಇಂಗಾಲ 0.76 ದಾಟಿದ ಉಕ್ಕಿನಲ್ಲಿ ಕ್ರಮ ಇದೇ, ಪಾತ್ರ ಅದಲುಬದಲು. ಶೇ. 1.2 ಇಂಗಾಲದ ಉಕ್ಕು ಸುಮಾರು 900 ಡಿಗ್ರಿಯಿಂದ ಕೆಳಗಿಳಿಯುವಾಗ ಎಸಿಎಂ ಗೆರೆಯನ್ನು ಮುಟ್ಟುತ್ತದೆ. ಇಲ್ಲಿ ಮೊದಲು ಹೊರಬರುವುದು ಸಿಮೆಂಟೈಟ್; ಅದರಿಂದ ಉಳಿದ ಆಸ್ಟೆನೈಟ್‌ನ ಇಂಗಾಲ ಕಡಿಮೆಯಾಗುತ್ತ 0.76ಕ್ಕೆ ಬಂದು ನಿಲ್ಲುತ್ತದೆ, ಆಮೇಲೆ ಅದು ಪರ್ಲೈಟ್ ಆಗುತ್ತದೆ. ಸನ್ನೆ ನಿಯಮದ ಪ್ರಕಾರ ಮೊದಲು ಹೊರಬಂದ ಸಿಮೆಂಟೈಟ್ ಶೇ. 7.4 ಮಾತ್ರ. ಅಷ್ಟು ಸ್ವಲ್ಪವಾದರೂ ಅದು ಕೂರುವ ಜಾಗ ಕೆಟ್ಟದ್ದು. ಆಸ್ಟೆನೈಟ್ ಹರಳುಗಳ ಗಡಿಯುದ್ದಕ್ಕೂ ತೆಳು ಹಾಳೆಯಾಗಿ ಹಬ್ಬಿ, ಪ್ರತಿ ಹರಳನ್ನೂ ಪೆಡಸು ಬಲೆಯೊಳಗೆ ಹಾಕಿದಂತಾಗುತ್ತದೆ. ಒಂದು ಕಡೆ ಬಿರುಕು ಬಿಟ್ಟರೆ ಅದಕ್ಕೆ ಬಲೆಯ ಉದ್ದಕ್ಕೂ ಸಿದ್ಧ ದಾರಿ. ಹೀಗೆ ತಣಿದ ಉಳಿಯನ್ನು ಸುತ್ತಿಗೆಯಿಂದ ಬಡಿದರೆ ಬಾಗದೆ ಚಟ್ಟನೆ ಒಡೆಯುತ್ತದೆ.

ಸೂಕ್ಷ್ಮದರ್ಶಕದಲ್ಲಿ ಈ ಬಲೆಯನ್ನು ಗುರುತಿಸುವಾಗ ಒಂದು ಮೋಸವಿದೆ. ನೈಟಾಲ್ ತಾಗಿಸಿದಾಗ ಸಿಮೆಂಟೈಟ್ ಕೂಡ ಬಿಳಿಯಾಗಿಯೇ ಕಾಣುತ್ತದೆ. ಶೇ. 0.65 ಇಂಗಾಲದ ಉಕ್ಕಿನಲ್ಲಿ ಪರ್ಲೈಟ್‌ನ ಸುತ್ತ ಇರುವುದು ಫೆರೈಟ್‌ನ ಬಿಳಿ ಬಲೆ, ಮೆದುವಾದದ್ದು, 1.2ರ ಉಕ್ಕಿನಲ್ಲಿರುವುದು ಸಿಮೆಂಟೈಟ್‌ನ ಬಿಳಿ ಬಲೆ, ಅಪಾಯಕಾರಿ. ಅನುಭವಸ್ಥರು ಬಲೆಯ ದಪ್ಪ ನೋಡಿ ಊಹಿಸುತ್ತಾರೆ, ಆದರೆ ನಂಬಿಕೆಯ ಪರೀಕ್ಷೆ ಬೇರೆ: ಬಿಲ್ಲೆಯನ್ನು ಮತ್ತೆ ನಯಗೊಳಿಸಿ, ಕುದಿಯುವ ಕ್ಷಾರೀಯ ಸೋಡಿಯಂ ಪಿಕ್ರೇಟ್ ದ್ರಾವಣದಲ್ಲಿ ಕೆಲವು ನಿಮಿಷ ಇಡುವುದು. ಅದು ಸಿಮೆಂಟೈಟನ್ನು ಕಪ್ಪಾಗಿಸುತ್ತದೆ, ಫೆರೈಟನ್ನು ಮುಟ್ಟುವುದಿಲ್ಲ. ಬಲೆ ಕಪ್ಪಾದರೆ ಅನುಮಾನ ತೀರಿತು.

ಈ ಕಾರಣಕ್ಕೇ ಹೆಚ್ಚು ಇಂಗಾಲದ ಹತಾರದ ಉಕ್ಕನ್ನು ಮೆದು ಮಾಡಬೇಕಾದಾಗ ಎಸಿಎಂ ಗೆರೆಯ ಮೇಲಕ್ಕೆ ಒಯ್ದು ನಿಧಾನವಾಗಿ ತಣಿಸುವುದಿಲ್ಲ. 727ರ ಅಕ್ಕಪಕ್ಕದಲ್ಲೇ ಗಂಟೆಗಟ್ಟಲೆ ಇಟ್ಟರೆ ಸಿಮೆಂಟೈಟ್ ಪದರಗಳು ತುಂಡಾಗಿ, ಉರುಟಾಗಿ, ಫೆರೈಟ್‌ನಲ್ಲಿ ಹುದುಗಿದ ಗುಂಡು ಕಣಗಳಾಗುತ್ತವೆ. ನಕ್ಷೆಯ ದೃಷ್ಟಿಯಲ್ಲಿ ಏನೂ ಬದಲಾಗಿಲ್ಲ. ಅದೇ ಎರಡು ಪ್ರಾವಸ್ಥೆ, ಅದೇ ಪ್ರಮಾಣ. ಲೇತಿನ ಮುಂದೆ ನಿಂತವರಿಗೆ ಮಾತ್ರ ಅದು ಬೇರೆಯೇ ಉಕ್ಕು. ದಕ್ಷಿಣ ಭಾರತದಲ್ಲಿ ಮೂಸೆಗಳಲ್ಲಿ ತಯಾರಾಗುತ್ತಿದ್ದ, ಹೊರಜಗತ್ತಿಗೆ ವೂಟ್ಜ್ ಎಂಬ ಹೆಸರಿನಲ್ಲಿ ಗೊತ್ತಿರುವ ಉಕ್ಕು ಈ ಗುಂಪಿಗೇ ಸೇರಿದ್ದು. ಅದರ ಇಂಗಾಲ ಸಾಮಾನ್ಯವಾಗಿ ಶೇ. 1.5ರ ಸುತ್ತಮುತ್ತ. ಮೈಸೂರು ಸೀಮೆಯಲ್ಲಿ ಅದನ್ನು ಮಾಡುತ್ತಿದ್ದ ಬಗೆಯ ವಿವರಣೆ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ಪ್ರವಾಸ ಗ್ರಂಥದಲ್ಲಿದೆ. ಅಷ್ಟು ಇಂಗಾಲದ ಗಟ್ಟಿಯನ್ನು ಬಿಳಿ ಕಾವಿಗೆ ಏರಿಸಿ ಬಡಿದರೆ ಪುಡಿಯಾಗುತ್ತದೆ. ಪಳಗಿದ ಕಮ್ಮಾರರು ಹದವಾದ ಕೆಂಪು ಕಾವಿನಲ್ಲಿ, ಮತ್ತೆ ಮತ್ತೆ ಕಾಯಿಸಿ ಬಡಿಯುತ್ತಿದ್ದರು. ಅದರಿಂದ ಬಲೆ ಒಡೆದು, ಸಿಮೆಂಟೈಟ್ ಕಣಗಳು ಸಾಲುಸಾಲಾಗಿ ನಿಲ್ಲುತ್ತಿದ್ದವು. ಡಮಾಸ್ಕಸ್ ಕತ್ತಿಗಳ ಅಲಗಿನ ಮೇಲೆ ಕಾಣುವ ನೀರಿನ ಅಲೆಯಂತಹ ಚಿತ್ತಾರ ಈ ಸಾಲುಗಳದ್ದು.

ನಕ್ಷೆಗೆ ಕೊನೆಯ ಒಂದು ತಿದ್ದುಪಡಿ ಬೇಕು. ಅದರಲ್ಲಿ ಬಲತುದಿಯ ಪ್ರಾವಸ್ಥೆಯಾಗಿ ತೋರಿಸುವ ಸಿಮೆಂಟೈಟ್ ನಿಜವಾಗಿ ಶಾಶ್ವತವಲ್ಲ. ತೀರಾ ಹೆಚ್ಚು ಸಮಯ ಕೊಟ್ಟರೆ ಅದು ಕಬ್ಬಿಣ ಮತ್ತು ಗ್ರಾಫೈಟ್ ಆಗಿ ಒಡೆಯುತ್ತದೆ. ಅದಕ್ಕಾಗಿಯೇ ಒಳ್ಳೆಯ ಪುಸ್ತಕಗಳು ಸಿಮೆಂಟೈಟ್ ಗೆರೆಗಳ ಜೊತೆಗೆ ಗ್ರಾಫೈಟ್‌ಗೆ ಸೇರಿದ ಗೆರೆಗಳನ್ನೂ ತುಂಡುಗೆರೆಯಲ್ಲಿ ಬರೆದಿರುತ್ತವೆ. ಯೂಟೆಕ್ಟಾಯ್ಡ್ ಗೆರೆ ಅಲ್ಲಿ 738 ಡಿಗ್ರಿಯ ಹತ್ತಿರ ಇರುತ್ತದೆ. ಕುಲುಮೆಯಲ್ಲಿ ತಣಿಯುವ ಕೆಲವು ಗಂಟೆಗಳಲ್ಲಿ ಉಕ್ಕಿಗೆ ಇದರ ಚಿಂತೆಯಿಲ್ಲ, ಏಕೆಂದರೆ ಸಿಮೆಂಟೈಟ್ ಹುಟ್ಟುವುದು ಗ್ರಾಫೈಟ್ ಹುಟ್ಟುವುದಕ್ಕಿಂತ ಎಷ್ಟೋ ಸುಲಭ. ಚಿಂತೆ ಇರುವುದು ವರ್ಷಗಟ್ಟಲೆ ಬಿಸಿಯಾಗಿಯೇ ಇರುವ ಕೊಳವೆಗಳಲ್ಲಿ. 1943ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಪ್ರಿಂಗ್‌ಡೇಲ್ ವಿದ್ಯುತ್ ಕೇಂದ್ರದ ಉಗಿ ಕೊಳವೆ ಬೆಸುಗೆಯ ಪಕ್ಕದಲ್ಲಿ ಒಡೆದಾಗ, ಮುರಿದ ಜಾಗದಲ್ಲಿ ಸಾಲಾಗಿ ಗ್ರಾಫೈಟ್ ಕಣಗಳು ಕಂಡವು. ಅಲ್ಲಿಂದೀಚೆಗೆ ಸಾದಾ ಇಂಗಾಲದ ಉಕ್ಕಿನ ಕೊಳವೆಗಳನ್ನು ಸುಮಾರು 425 ಡಿಗ್ರಿಗಿಂತ ಮೇಲೆ ದೀರ್ಘಕಾಲ ದುಡಿಸದಂತೆ ವಿನ್ಯಾಸ ನಿಯಮಗಳು ಎಚ್ಚರಿಸುತ್ತವೆ. ಅದಕ್ಕಿಂತ ಬಿಸಿಯಾದ ಉಗಿಗೆ, ಸಿಮೆಂಟೈಟ್ ಒಡೆಯದಂತೆ ತಡೆಯುವ ಕ್ರೋಮಿಯಂ ಬೆರೆಸಿದ ಉಕ್ಕನ್ನು ಬಳಸುತ್ತಾರೆ.